ಕಲ್ಲು ಬದಲಿಸುವ ಅರ್ಧ ಗಂಟೆ: ಗ್ರೈಂಡಿಂಗ್ ವೀಲ್ ಮತ್ತು ಕೆಲಸದ ಸುರಕ್ಷತಾ ವಿಶ್ಲೇಷಣೆ

(ಬೆಂಗಳೂರಿನ ಪೀಣ್ಯದಲ್ಲಿ ಸಣ್ಣ ಕಾರ್ಖಾನೆಗಳ ಮೇಲ್ವಿಚಾರಕರು ಮತ್ತು ಫಿಟರ್‌ಗಳ ಮುಂದೆ ನೀಡಿದ ಉಪನ್ಯಾಸದ ಬರಹ ರೂಪ)

ಲೇತ್ ಟೂಲ್‌ಗೆ ಮೊನೆ ಹಿಡಿಯಲು, ಡ್ರಿಲ್ ಬಿಟ್ ಸಾಣೆ ಹಿಡಿಯಲು, ಕತ್ತರಿಸಿದ ಸರಳಿನ ಅಂಚನ್ನು ಒಂದಿಷ್ಟು ಸವರಲು ಎಲ್ಲರೂ ಹೋಗಿ ನಿಲ್ಲುವ ಯಂತ್ರ ಪೆಡೆಸ್ಟಲ್ ಗ್ರೈಂಡರ್. ಎಲ್ಲರೂ ಬಳಸುವ ಯಂತ್ರವಾದ್ದರಿಂದಲೇ ಅದು ಯಾರದ್ದೂ ಅಲ್ಲದ ಯಂತ್ರವೂ ಆಗಿರುತ್ತದೆ. ಅದರ ವೀಲ್ ಅನ್ನು, ನಮ್ಮ ಫಿಟರ್‌ಗಳ ಮಾತಿನಲ್ಲಿ ಹೇಳುವುದಾದರೆ ಕಲ್ಲನ್ನು, ಬದಲಿಸುವ ಕೆಲಸ ಎರಡು ಮೂರು ತಿಂಗಳಿಗೊಮ್ಮೆ ಬರುತ್ತದೆ. ಆ ಹೊತ್ತಿಗೆ ಕೈಗೆ ಸಿಕ್ಕವರು ಅದನ್ನು ಮಾಡಿ ಮುಗಿಸುತ್ತಾರೆ. ಅರ್ಧ ಗಂಟೆಯ ಈ ಕೆಲಸವನ್ನೇ ಇಂದು ಜಾಬ್ ಸೇಫ್ಟಿ ಅನಾಲಿಸಿಸ್, ಅಂದರೆ ಜೆಎಸ್‌ಎ, ಬರೆಯುವುದು ಹೇಗೆ ಎಂಬುದಕ್ಕೆ ಉದಾಹರಣೆಯಾಗಿ ತೆಗೆದುಕೊಂಡಿದ್ದೇನೆ.

ಜೆಎಸ್‌ಎ ಹಾಳೆಯಲ್ಲಿ ಮೂರು ಕಾಲಂಗಳಿರುತ್ತವೆ. ಮೊದಲನೆಯದರಲ್ಲಿ ಕೆಲಸದ ಹಂತ, ಎರಡನೆಯದರಲ್ಲಿ ಆ ಹಂತದಲ್ಲಿರುವ ಅಪಾಯ, ಮೂರನೆಯದರಲ್ಲಿ ಅದಕ್ಕೆ ನಿಯಂತ್ರಣ. ನಾನು ಟೂಲ್‌ರೂಮ್‌ನಿಂದ ಸುರಕ್ಷತಾ ವಿಭಾಗಕ್ಕೆ ಬಂದ ಹೊಸತರಲ್ಲಿ ಇದೇ ಕೆಲಸಕ್ಕೆ ಬರೆದ ಮೊದಲ ಹಾಳೆಯಲ್ಲಿ ನಾಲ್ಕೇ ಹಂತಗಳಿದ್ದವು: ಯಂತ್ರ ನಿಲ್ಲಿಸುವುದು, ಹಳೆಯ ಕಲ್ಲು ತೆಗೆಯುವುದು, ಹೊಸದು ಹಾಕುವುದು, ಚಾಲೂ ಮಾಡಿ ನೋಡುವುದು. ಅಪಾಯದ ಕಾಲಂನಲ್ಲಿ ನಾಲ್ಕನೆಯ ಹಂತದ ಎದುರು 'ಕಲ್ಲು ಒಡೆಯಬಹುದು' ಎಂದೂ, ನಿಯಂತ್ರಣದ ಕಾಲಂನಲ್ಲಿ 'ಜಾಗ್ರತೆಯಿಂದ ಚಾಲೂ ಮಾಡುವುದು, ಕನ್ನಡಕ ಧರಿಸುವುದು' ಎಂದೂ ಬರೆದಿದ್ದೆ. ಅದನ್ನು ಓದಿದ ಹಿರಿಯ ಫಿಟರ್ ಒಬ್ಬರು, "ಸಾರ್, ಕಲ್ಲು ಒಡೆಯೋದು ಚಾಲೂ ಮಾಡಿದಾಗ ನಿಜ, ಆದರೆ ಅದು ಕೆಟ್ಟಿರೋದು ಅದಕ್ಕೂ ಮೊದಲೇ ಅಲ್ಲವಾ?" ಎಂದು ಕೇಳಿದರು. ನನ್ನ ಹಾಳೆಯ ತಪ್ಪು ಪೂರ್ತಿಯಾಗಿ ಆ ಒಂದು ಪ್ರಶ್ನೆಯಲ್ಲಿತ್ತು. ಅಪಾಯ ಕಣ್ಣಿಗೆ ಕಾಣುವ ಹಂತ ಬೇರೆ, ಅದು ಹುಟ್ಟುವ ಹಂತ ಬೇರೆ. ಕಾಣುವ ಹಂತದಲ್ಲಿ ನಿಯಂತ್ರಣ ಬರೆದರೆ ಉಳಿಯುವುದು ಕನ್ನಡಕ ಮತ್ತು ದೇವರು ಮಾತ್ರ.

ಆದ್ದರಿಂದ ನಾಲ್ಕು ಹಂತಗಳನ್ನು ಒಡೆಯಬೇಕಾಯಿತು. ಎಷ್ಟು ಒಡೆಯಬೇಕು ಎಂಬುದಕ್ಕೆ ನಾನು ಇಟ್ಟುಕೊಂಡಿರುವ ಅಳತೆ ಇದು: ಕೈಯಲ್ಲಿರುವ ವಸ್ತು, ನಿಂತಿರುವ ಜಾಗ ಅಥವಾ ಯಂತ್ರದ ಸ್ಥಿತಿ, ಈ ಮೂರರಲ್ಲಿ ಒಂದು ಬದಲಾದರೆ ಅದು ಹೊಸ ಹಂತ. 'ಸ್ಪ್ಯಾನರ್ ಕೈಗೆತ್ತಿಕೊಳ್ಳುವುದು' ಎಂದು ಬೇರೆಯಾಗಿ ಬರೆಯಬೇಕಾಗಿಲ್ಲ. ಹಾಗೆ ಬರೆಯುತ್ತ ಹೋದರೆ ಹಾಳೆ ನಲವತ್ತು ಸಾಲಿಗೆ ಬೆಳೆದು ಯಾರೂ ಓದದ ಕಡತವಾಗುತ್ತದೆ. ಹಾಳೆಯನ್ನು ಮೇಜಿನ ಮುಂದೆ ಕುಳಿತು ಬರೆಯದೆ, ಒಬ್ಬ ಫಿಟರ್ ಕಲ್ಲು ಬದಲಿಸುವುದನ್ನು ಪಕ್ಕದಲ್ಲಿ ನಿಂತು ನೋಡಿ ಬರೆದೆವು. ಜೊತೆಗೆ ಹೆಲ್ಪರ್ ಮತ್ತು ಎಲೆಕ್ಟ್ರಿಷಿಯನ್ ಇದ್ದರು. ಕೊನೆಗೆ ಹತ್ತು ಹಂತಗಳಾದವು. ಹತ್ತನ್ನೂ ಇಲ್ಲಿ ಓದುವುದಿಲ್ಲ, ವಿಷಯವಿರುವ ಹಂತಗಳಲ್ಲಿ ಮಾತ್ರ ನಿಲ್ಲುತ್ತೇನೆ.

ಮೊದಲನೆಯ ಹಂತವೇ ನಾನು ಬರೆದಿದ್ದ ಹಳೆಯ ಹಾಳೆಯಲ್ಲಿ ಇರಲಿಲ್ಲ. ಅದು ಸ್ಟೋರ್‌ನಿಂದ ಹೊಸ ಕಲ್ಲು ತರುವುದು. ತಪ್ಪು ಕಲ್ಲು ಬರುವುದು ಇಲ್ಲಿಂದ. ಕಲ್ಲಿನ ಎರಡು ಬದಿಗೆ ಅಂಟಿಸಿದ ಕಾಗದದ ಲೇಬಲ್ ಮೇಲೆ ವ್ಯಾಸ, ದಪ್ಪ, ನಡುವಿನ ತೂತಿನ ಅಳತೆ ಇರುತ್ತವೆ. ಅವುಗಳ ಜೊತೆ ಆ ಕಲ್ಲು ತಡೆಯಬಲ್ಲ ಗರಿಷ್ಠ ವೇಗ ಇರುತ್ತದೆ. ಅದು ಸೆಕೆಂಡಿಗೆ ಇಷ್ಟು ಮೀಟರ್ ಎಂದೋ, ನಿಮಿಷಕ್ಕೆ ಇಷ್ಟು ಸುತ್ತು ಎಂದೋ, ಕೆಲವೊಮ್ಮೆ ಎರಡೂ ರೀತಿಯಲ್ಲೋ ಮುದ್ರಣವಾಗಿರುತ್ತದೆ. ಅಳತೆಗಳನ್ನು ಎಲ್ಲರೂ ನೋಡುತ್ತಾರೆ, ಏಕೆಂದರೆ ಅವು ಹೊಂದದಿದ್ದರೆ ಕಲ್ಲು ಕೂರುವುದೇ ಇಲ್ಲ. ವೇಗವನ್ನು ಯಾರೂ ನೋಡುವುದಿಲ್ಲ, ಏಕೆಂದರೆ ಅದು ಹೊಂದದಿದ್ದರೂ ಕಲ್ಲು ಚೆನ್ನಾಗಿಯೇ ಕೂರುತ್ತದೆ.

ಇಲ್ಲಿ ನಡೆದ ಒಂದು ಪ್ರಸಂಗವನ್ನು ಲೆಕ್ಕದ ಸಮೇತ ಹೇಳುತ್ತೇನೆ. ನಾನು ಕೆಲಸ ಮಾಡುತ್ತಿದ್ದ ಒಂದು ಘಟಕದಲ್ಲಿ ಬೆಲ್ಟ್‌ನಿಂದ ಓಡುವ ಹಳೆಯ ಪೆಡೆಸ್ಟಲ್ ಗ್ರೈಂಡರ್ ಇತ್ತು. ಅದಕ್ಕೆ 250 ಮಿಲಿಮೀಟರ್ ಕಲ್ಲು ಹಾಕುತ್ತಿದ್ದರು, ಸೆಕೆಂಡಿಗೆ 35 ಮೀಟರ್ ಗರಿಷ್ಠ ವೇಗದ್ದು. ಮೋಟಾರು 1440 ಆರ್‌ಪಿಎಂನದು, ಎರಡು ಕಡೆಯ ಪುಲ್ಲಿಗಳು ಒಂದೇ ಅಳತೆಯವು. ಕಲ್ಲಿನ ಅಂಚಿನ ವೇಗ ತಿಳಿಯಬೇಕಾದರೆ ಮೀಟರ್‌ನಲ್ಲಿರುವ ವ್ಯಾಸವನ್ನು 3.14ರಿಂದ ಗುಣಿಸಿ, ನಿಮಿಷದ ಸುತ್ತುಗಳಿಂದ ಗುಣಿಸಿ, 60ರಿಂದ ಭಾಗಿಸಬೇಕು. 0.25ರಿಂದ ಆರಂಭಿಸಿದರೆ 1440 ಸುತ್ತಿಗೆ ಸೆಕೆಂಡಿಗೆ ಸುಮಾರು 19 ಮೀಟರ್ ಬರುತ್ತದೆ. 35ರ ಕಲ್ಲಿಗೆ ಇದು ಆರಾಮದ ವೇಗ. ಒಂದು ದಿನ ಮೋಟಾರು ಸುಟ್ಟಿತು. ಅವಸರದಲ್ಲಿ ಸ್ಟೋರ್‌ನಲ್ಲಿದ್ದ 2880 ಆರ್‌ಪಿಎಂನ ಮೋಟಾರನ್ನು ಅದೇ ಪುಲ್ಲಿಯೊಂದಿಗೆ ಕೂರಿಸಿದರು. ಯಂತ್ರ ಮೊದಲಿಗಿಂತ ಚೆನ್ನಾಗಿ ಉಜ್ಜುತ್ತದೆ ಎಂದು ಎಲ್ಲರಿಗೂ ಖುಷಿಯೇ ಆಯಿತು. ಈಗ ಅದೇ ಲೆಕ್ಕ ಹಾಕಿದರೆ ಅಂಚಿನ ವೇಗ ಸೆಕೆಂಡಿಗೆ ಸುಮಾರು 38 ಮೀಟರ್, ಕಲ್ಲಿನ ಮಿತಿಗಿಂತ ಹೆಚ್ಚು.

ಕಲ್ಲು ಒಡೆಯಿತೇ ಎಂದು ತಾವು ಕೇಳುವಿರಿ. ಒಡೆಯಲಿಲ್ಲ. ತಯಾರಕರು ಕಲ್ಲನ್ನು ಮುದ್ರಿತ ಮಿತಿಗಿಂತ ಹೆಚ್ಚಿನ ವೇಗದಲ್ಲಿ ಓಡಿಸಿ ಪರೀಕ್ಷಿಸಿಯೇ ಕಳಿಸುತ್ತಾರೆ. ಆ ಅಂತರವೇ ನಮ್ಮನ್ನು ಕಾಯುತ್ತಿತ್ತು. ಆದರೆ ತಿರುಗುವ ಕಲ್ಲನ್ನು ಒಳಗಿನಿಂದ ಸೀಳುವ ಬಲ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ವೇಗ ಎರಡರಷ್ಟಾದಾಗ ಆ ಯಂತ್ರದ ಕಲ್ಲಿನ ಮೇಲಿನ ಒತ್ತಡ ನಾಲ್ಕರಷ್ಟಾಗಿತ್ತು. 19 ಮೀಟರ್ ವೇಗದಲ್ಲಿ ಏನೂ ಮಾಡದ ಒಂದು ಕೂದಲೆಳೆ ಬಿರುಕು 38ರಲ್ಲಿ ಸುಮ್ಮನಿರುವುದಿಲ್ಲ. ಈ ಬದಲಾವಣೆ ನಮಗೆ ಗೊತ್ತಾದದ್ದು ಜೆಎಸ್‌ಎ ಬರೆಯುತ್ತ ಲೇಬಲ್ಲಿನ ವೇಗವನ್ನು ಮೋಟಾರಿನ ನೇಮ್‌ಪ್ಲೇಟ್‌ಗೆ ಹೋಲಿಸಿದಾಗ. ಅದುವರೆಗೆ ಎಷ್ಟು ಕಲ್ಲುಗಳು ಆ ವೇಗದಲ್ಲಿ ಸವೆದು ಹೋಗಿದ್ದವೋ ಲೆಕ್ಕವಿಲ್ಲ.

ಪರಿಹಾರ ಹುಡುಕುವಾಗ ಮೊದಲು ಬಂದ ಸಲಹೆ, 200 ಮಿಲಿಮೀಟರ್ ಕಲ್ಲು ಹಾಕಿಬಿಡೋಣ ಎಂಬುದು. ಲೆಕ್ಕದಲ್ಲಿ ಅದು ಸರಿ, ಸೆಕೆಂಡಿಗೆ 30 ಮೀಟರ್ ಬರುತ್ತದೆ. ಆದರೆ ಆ ಯಂತ್ರದಲ್ಲಿ ಕಲ್ಲನ್ನು ಸುತ್ತುವರಿದಿರುವ ಗಾರ್ಡ್ 250ರ ಕಲ್ಲಿಗೆ ಮಾಡಿದ್ದು. ಚಿಕ್ಕ ಕಲ್ಲು ಹಾಕಿದರೆ ಗಾರ್ಡ್ ಬಾಯಿಯ ಮೇಲಂಚಿನ ನಾಲಿಗೆಪಟ್ಟಿಯಾಗಲಿ, ಉಜ್ಜುವ ವಸ್ತುವನ್ನು ಆನಿಸಿ ಹಿಡಿಯುವ ಟೂಲ್ ರೆಸ್ಟ್ ಆಗಲಿ ಕಲ್ಲಿನ ಹತ್ತಿರಕ್ಕೆ ಬರುತ್ತಿರಲಿಲ್ಲ. ಒಂದು ಅಪಾಯ ಮುಚ್ಚಲು ಹೋಗಿ ಇನ್ನೊಂದನ್ನು ತೆರೆದಂತಾಗುತ್ತಿತ್ತು. ಕೊನೆಗೆ 1440ರ ಮೋಟಾರನ್ನೇ ತರಿಸಿದೆವು. ಜೊತೆಗೆ, ಯಂತ್ರದ ಮೇಲೆ ಸ್ಪಿಂಡಲ್ ವೇಗ, ಪುಲ್ಲಿಯ ವ್ಯಾಸ ಮತ್ತು ಕಲ್ಲಿನ ಗರಿಷ್ಠ ಅಂಚಿನ ವೇಗ ಬರೆದ ಫಲಕ ಹಾಕಿದೆವು. ಇದು ನಮ್ಮ ಜಾಣ್ಮೆಯೇನಲ್ಲ; 1948ರ ಕಾರ್ಖಾನೆ ಕಾಯ್ದೆ ತನ್ನ 30ನೆಯ ಸೆಕ್ಷನ್‌ನಲ್ಲಿ ಗ್ರೈಂಡಿಂಗ್ ನಡೆಯುವ ಪ್ರತಿ ಯಂತ್ರದ ಬಳಿ ಇದೇ ವಿವರಗಳ ಸೂಚನಾ ಫಲಕವಿರಬೇಕೆಂದು ಹೇಳಿತ್ತು. ಪುಲ್ಲಿಯ ವ್ಯಾಸವನ್ನು ಕಾಯ್ದೆ ಏಕೆ ಕೇಳುತ್ತಿತ್ತು ಎಂದು ನನಗೆ ಅರ್ಥವಾದದ್ದು ಆ ಮೋಟಾರು ಸುಟ್ಟ ಮೇಲೆಯೇ. ಹಾಗಾಗಿ ನಮ್ಮ ಹಾಳೆಯ ಮೊದಲ ನಿಯಂತ್ರಣ ಹೀಗಿದೆ: 'ಲೇಬಲ್ಲಿನ ಗರಿಷ್ಠ ವೇಗ ಫಲಕದಲ್ಲಿರುವ ವೇಗಕ್ಕಿಂತ ಕಡಿಮೆ ಇದ್ದರೆ ಕಲ್ಲನ್ನು ಸ್ಟೋರ್‌ಗೆ ಹಿಂತಿರುಗಿಸುವುದು. ಲೇಬಲ್ ಇಲ್ಲದ ಕಲ್ಲನ್ನು ಪಡೆಯಬಾರದು.'

ಎರಡನೆಯ ಹಂತ ಕಲ್ಲನ್ನು ತಟ್ಟಿ ನೋಡುವುದು, ಇಂಗ್ಲಿಷಿನವರು ರಿಂಗ್ ಟೆಸ್ಟ್ ಎನ್ನುವ ಪರೀಕ್ಷೆ. ಸಂತೆಯಲ್ಲಿ ಮಡಕೆ ಕೊಳ್ಳುವಾಗ ನಮ್ಮ ಮನೆಯ ಹೆಂಗಸರು ಬೆರಳ ಗೆಣ್ಣಿನಿಂದ ತಟ್ಟಿ ಕಿವಿಗೊಡುತ್ತಿದ್ದುದು ಇದೇ ಪರೀಕ್ಷೆ. ಹೋಲಿಕೆ ಬರೀ ಮಾತಿಗಲ್ಲ: ಸಾಮಾನ್ಯ ಬಳಕೆಯ ವಿಟ್ರಿಫೈಡ್ ಕಲ್ಲಿನಲ್ಲಿ ಸಾಣೆಯ ಹರಳುಗಳನ್ನು ಹಿಡಿದಿಟ್ಟಿರುವುದು ಭಟ್ಟಿಯಲ್ಲಿ ಸುಟ್ಟ ಜೇಡಿಯೇ. ಕಲ್ಲು ಒಣಗಿರಬೇಕು, ಧೂಳಿಲ್ಲದಿರಬೇಕು. ಚಿಕ್ಕದಾದರೆ ತೂತಿಗೆ ಬೆರಳು ತೂರಿಸಿ ಎತ್ತಿ ಹಿಡಿಯಬೇಕು; ಭಾರವಾದರೆ ಗಟ್ಟಿ ನೆಲದ ಮೇಲೆ ನೆಟ್ಟಗೆ ನಿಲ್ಲಿಸಬೇಕು. ಸ್ಕ್ರೂಡ್ರೈವರಿನ ಮರದ ಹಿಡಿಯಿಂದ, ಅಂಚಿನಿಂದ ಒಂದೆರಡು ಇಂಚು ಒಳಗೆ, ನಡುಗೆರೆಯಿಂದ ಎಡಕ್ಕೂ ಬಲಕ್ಕೂ 45 ಡಿಗ್ರಿಯಲ್ಲಿ ಮೆಲ್ಲಗೆ ತಟ್ಟಬೇಕು. ಬಳಿಕ ಕಲ್ಲನ್ನು 45 ಡಿಗ್ರಿ ತಿರುಗಿಸಿ ಮತ್ತೆ ತಟ್ಟಬೇಕು. ಬಿರುಕಿಲ್ಲದ ಕಲ್ಲು ಠಣ್ ಎನ್ನುತ್ತದೆ. ಬಿರುಕಿದ್ದರೆ ಸ್ವರ ಅಲ್ಲೇ ಸತ್ತು ಹೋಗುತ್ತದೆ. ರೆಸಿನ್‌ನಿಂದ ಅಂಟಿಸಿದ ಕಲ್ಲು ಸರಿಯಿದ್ದರೂ ವಿಟ್ರಿಫೈಡ್‌ನಷ್ಟು ಸ್ಪಷ್ಟವಾಗಿ ನುಡಿಯುವುದಿಲ್ಲ. ಎರಡನ್ನೂ ಒಂದೇ ಕಿವಿಯಿಂದ ಅಳೆಯಬಾರದು.

ಈ ಹಂತವನ್ನು ಪಕ್ಕದಲ್ಲಿ ನಿಂತು ನೋಡಿದಾಗ ಕಂಡದ್ದು ಒಂದು ತಮಾಷೆ. ಫಿಟರ್ ತಟ್ಟಿದರು, ತಲೆಯಾಡಿಸಿದರು, "ಓಕೆ" ಎಂದರು. ಆದರೆ ಮೂರು ಹೆಜ್ಜೆ ಆಚೆ ಪವರ್ ಪ್ರೆಸ್ ಬಡಿಯುತ್ತಿತ್ತು. ನನಗಂತೂ ಏನೂ ಕೇಳಿಸಿರಲಿಲ್ಲ. "ನಿಮಗೆ ಕೇಳಿಸ್ತಾ?" ಎಂದರೆ ಅವರು ನಕ್ಕು ಸುಮ್ಮನಾದರು. ಪರೀಕ್ಷೆ ನಡೆದಿತ್ತು, ಫಲಿತಾಂಶ ಇರಲಿಲ್ಲ. ಅಂದಿನಿಂದ ನಿಯಂತ್ರಣದ ಸಾಲು 'ರಿಂಗ್ ಟೆಸ್ಟ್ ಮಾಡುವುದು' ಎಂದಿದ್ದದ್ದು 'ಸ್ಟೋರ್ ಕೊಠಡಿಯಲ್ಲಿ, ಬಾಗಿಲು ಮುಚ್ಚಿ, ಕೊಡುವವರೂ ಪಡೆಯುವವರೂ ಇಬ್ಬರೂ ಕೇಳುವಂತೆ ತಟ್ಟುವುದು' ಎಂದಾಯಿತು.

ನಿಯಂತ್ರಣವನ್ನು ಬರೆಯುವ ಬಗೆಯ ಬಗ್ಗೆ ಹೇಳಬೇಕಾದದ್ದು ಇಲ್ಲಿಯೇ ಇದೆ. 'ಜಾಗ್ರತೆ ವಹಿಸುವುದು', 'ಸರಿಯಾಗಿ ಪರಿಶೀಲಿಸುವುದು' ಎಂಬ ಸಾಲುಗಳನ್ನು ನಾನು ಕಂಡಲ್ಲೆಲ್ಲ ಹೊಡೆದು ಹಾಕುತ್ತೇನೆ. ಪಕ್ಕದಲ್ಲಿ ನಿಂತ ಮೂರನೆಯವರು ನೋಡಿ 'ಆಯಿತು' ಅಥವಾ 'ಆಗಲಿಲ್ಲ' ಎಂದು ಹೇಳಲು ಬರುವಂತಿದ್ದರೆ ಮಾತ್ರ ಅದು ನಿಯಂತ್ರಣ. ಒಬ್ಬರು ಜಾಗ್ರತೆಯಿಂದಿದ್ದಾರೋ ಇಲ್ಲವೋ ಎಂದು ನೋಡಿ ಹೇಳಲಾಗದು. ಬೀಗ ಬಿದ್ದಿದೆಯೋ ಇಲ್ಲವೋ ಎಂದು ಹೇಳಬಹುದು.

ಬೀಗವೆಂದರೆ ಮೂರನೆಯ ಹಂತ. ಗ್ರೈಂಡರಿನ ಕೆಂಪು ಬಟನ್ ಒತ್ತಿದರೆ ಯಂತ್ರ ನಿಲ್ಲುತ್ತದೆ, ಆದರೆ ವಿದ್ಯುತ್ ಹೋಗುವುದಿಲ್ಲ. ಎಲ್ಲರೂ ಬಳಸುವ ಯಂತ್ರವಾದ್ದರಿಂದ ಇನ್ನೊಬ್ಬರು ಟೂಲ್ ಹಿಡಿದು ಬಂದು ಹಸಿರು ಬಟನ್ ಒತ್ತುವ ಸಂಭವ ಬೇರೆ ಯಂತ್ರಗಳಿಗಿಂತ ಇಲ್ಲಿ ಹೆಚ್ಚು. ಗೋಡೆಯ ಮೇಲಿನ ಮೇನ್ ಸ್ವಿಚ್ ಆಫ್ ಮಾಡಿ, ಬೀಗ ಹಾಕಿ, ಕೀಲಿಯನ್ನು ಕೆಲಸ ಮಾಡುವವರೇ ಕಿಸೆಯಲ್ಲಿಟ್ಟುಕೊಂಡು, ಆಮೇಲೆ ಹಸಿರು ಬಟನ್ ಒತ್ತಿ ಯಂತ್ರ ಅಲುಗುವುದಿಲ್ಲ ಎಂದು ನೋಡಿಕೊಳ್ಳಬೇಕು. ವಿದ್ಯುತ್ ಕಡಿದ ಮೇಲೂ ಕಲ್ಲು ಸದ್ದಿಲ್ಲದೆ ಬಹಳ ಹೊತ್ತು ತಿರುಗುತ್ತಿರುತ್ತದೆ. ಅದನ್ನು ಬೇಗ ನಿಲ್ಲಿಸಲು ಕಲ್ಲಿನ ಬದಿಗೆ ಮರದ ತುಂಡು ಒತ್ತುವ ಅಭ್ಯಾಸ ಕೆಲವರಿಗಿದೆ. ಕಲ್ಲು ಬದಿಯ ಒತ್ತಡ ತಡೆಯುವಂಥದ್ದಲ್ಲ. ಈ ಬದಿಯ ಕಲ್ಲು ಹೇಗೂ ಹೋಗುವುದೇ ಆದರೂ ಅದೇ ಸ್ಪಿಂಡಲ್‌ನ ಇನ್ನೊಂದು ಬದಿಯ ಕಲ್ಲಿನ ಮೇಲೂ ಅದೇ ಪ್ರಯೋಗ ನಡೆಯುತ್ತದೆ. ತಾನಾಗಿ ನಿಲ್ಲುವವರೆಗೆ ಕಾಯುವುದು ಎಂದು ಹಾಳೆಯಲ್ಲಿ ಬರೆದೆವು.

ಗಾರ್ಡ್‌ನ ಬದಿಯ ಮುಚ್ಚಳ ಬಿಚ್ಚುವುದು ನಾಲ್ಕನೆಯದು, ಅದರಲ್ಲಿ ಹೇಳುವಂಥದ್ದೇನಿಲ್ಲ. ನಟ್ ಬಿಚ್ಚುವುದರಲ್ಲಿ ಇದೆ. ಬಲಬದಿಯ ನಟ್ ಸಾಮಾನ್ಯ ಥ್ರೆಡ್‌ನದು, ಎಡಬದಿಯದು ಎಡಗೈ ಥ್ರೆಡ್‌ನದು; ಯಂತ್ರ ಚಾಲೂ ಆದಾಗ ಎರಡೂ ತಾವಾಗಿ ಬಿಗಿಯಾಗಲಿ ಎಂದು ಹಾಗೆ ಮಾಡಿರುತ್ತಾರೆ. ಇದು ಗೊತ್ತಿಲ್ಲದ ಹುಡುಗರು ಎಡಬದಿಯ ನಟ್ ಅನ್ನು ಬಿಚ್ಚುತ್ತಿದ್ದೇವೆಂದು ಬಿಗಿ ಮಾಡುತ್ತ ಹೋಗಿ, ಸ್ಪ್ಯಾನರಿಗೆ ಪೈಪು ತೂರಿಸಿ, ಕೊನೆಗೆ ಸುತ್ತಿಗೆ ಹಿಡಿಯುತ್ತಾರೆ. ಸ್ಪ್ಯಾನರ್ ಜಾರಿದರೆ ಗೆಣ್ಣು ಹೋಗಿ ಬಡಿಯುವುದು ಕಲ್ಲಿನ ಒರಟು ಅಂಚಿಗೆ. 'ಬಲಕ್ಕೆ ಹೀಗೆ, ಎಡಕ್ಕೆ ಹಾಗೆ' ಎಂದು ಬರೆದರೆ ನೆನಪಿರುವುದಿಲ್ಲ. ನಮ್ಮ ಹಿರಿಯ ಫಿಟರ್ ಹೇಳಿಕೊಟ್ಟ ಒಂದೇ ಸಾಲು ಎರಡೂ ಬದಿಗೆ ಸಲ್ಲುತ್ತದೆ: ಯಂತ್ರದ ಎದುರು ನಿಂತು, ಸ್ಪ್ಯಾನರಿನ ಹಿಡಿ ಮೇಲಕ್ಕೆ ಬರುವಂತೆ ಹಾಕಿ, ನಮ್ಮ ಕಡೆಗೆ ಎಳೆದರೆ ಬಿಚ್ಚುತ್ತದೆ, ಆಚೆಗೆ ತಳ್ಳಿದರೆ ಬಿಗಿಯುತ್ತದೆ. ಕಲ್ಲು ಓಡುವಾಗ ಅದರ ಮೇಲ್ಭಾಗ ನಮ್ಮ ಕಡೆಗೇ ಬರುತ್ತದಲ್ಲವೇ, ಬಿಚ್ಚುವ ದಿಕ್ಕೂ ಅದೇ. ಆ ಸಾಲನ್ನೇ ಹಾಳೆಗೆ ಇಳಿಸಿದೆವು. ಈ ಹಂತದಲ್ಲಿ ಚರ್ಮದ ಕೈಗವಸು ಬೇಕು. ಚಾಲೂ ಮಾಡುವ ಹಂತದಲ್ಲಿ ಅದೇ ಕೈಗವಸು ಕಲ್ಲಿಗೆ ಸಿಕ್ಕಿ ಕೈಯನ್ನು ಎಳೆದೊಯ್ಯಬಹುದು. 'ಕೈಗವಸು ಧರಿಸುವುದು' ಎಂದು ಹಾಳೆಯ ತಲೆಯ ಮೇಲೆ ಒಮ್ಮೆ ಬರೆದು ಬಿಡುವವರು ಈ ವಿರೋಧವನ್ನು ಗಮನಿಸುವುದಿಲ್ಲ. ಎಲ್ಲಿ ತೊಡಬೇಕು, ಎಲ್ಲಿ ಕಳಚಿಡಬೇಕು ಎಂಬುದು ಹಂತದ ಎದುರಿಗೇ ಇರಬೇಕು.

ಹೊಸ ಕಲ್ಲು ಕೂರಿಸುವ ಹಂತದಲ್ಲಿ ಬಿರುಕುಗಳನ್ನು ನಾವೇ ಹುಟ್ಟಿಸುತ್ತೇವೆ. ಕಲ್ಲು ಸ್ಪಿಂಡಲ್ ಮೇಲೆ ಸಲೀಸಾಗಿ ಜಾರಬೇಕು. ಬಿಗಿಯಿದ್ದರೆ ಬಡಿದು ಕೂರಿಸುವುದಾಗಲಿ ತೂತನ್ನು ಕೆರೆದು ಹಿಗ್ಗಿಸುವುದಾಗಲಿ ಕೂಡದು. ಕಲ್ಲನ್ನು ಎರಡು ಬದಿಯಿಂದ ಒತ್ತಿ ಹಿಡಿಯುವ ಫ್ಲ್ಯಾಂಜ್‌ಗಳು ಒಂದೇ ವ್ಯಾಸದವಾಗಿರಬೇಕು, ಕಲ್ಲಿನ ವ್ಯಾಸದ ಮೂರನೆಯ ಒಂದು ಭಾಗಕ್ಕಿಂತ ಕಡಿಮೆ ಇರಬಾರದು. ಅವುಗಳ ನಡುಭಾಗ ತಗ್ಗಾಗಿ, ಅಂಚು ಮಾತ್ರ ಕಲ್ಲನ್ನು ಹಿಡಿಯುವಂತಿರುತ್ತದೆ. ಒಂದು ಫ್ಲ್ಯಾಂಜ್ ಕಳೆದುಹೋಗಿ ಅದರ ಜಾಗಕ್ಕೆ ದಪ್ಪ ವಾಷರ್ ಹಾಕಿರುವುದನ್ನು ನಾನು ನೋಡಿದ್ದೇನೆ. ಆಗ ಒಂದು ಬದಿಯಲ್ಲಿ ಹಿಡಿತ ಅಂಚಿನ ಹತ್ತಿರ, ಇನ್ನೊಂದು ಬದಿಯಲ್ಲಿ ತೂತಿನ ಹತ್ತಿರ ಬಿದ್ದು, ನಟ್ ಬಿಗಿದಷ್ಟೂ ಕಲ್ಲು ಬಾಗುತ್ತದೆ. ಬಾಗುವುದು ಕಲ್ಲಿಗೆ ಗೊತ್ತಿಲ್ಲ, ಸೀಳುವುದು ಮಾತ್ರ ಗೊತ್ತು. ಫ್ಲ್ಯಾಂಜ್ ಮತ್ತು ಕಲ್ಲಿನ ನಡುವೆ ಇರುವ ರಟ್ಟಿನ ಬಿಲ್ಲೆ, ಬ್ಲಾಟರ್, ಲೇಬಲ್ ಅಂಟಿಸಲೆಂದು ಇರುವುದಲ್ಲ. ಕಲ್ಲಿನ ಮೇಲ್ಮೈಯ ಏರುತಗ್ಗನ್ನು ತಾನು ನುಂಗಿಕೊಂಡು ಒತ್ತಡವನ್ನು ಸಮನಾಗಿ ಹಂಚುವುದು ಅದರ ಕೆಲಸ. ನಟ್ ಅನ್ನು ಕಲ್ಲು ಜಾರದಷ್ಟು ಮಾತ್ರ ಬಿಗಿಯಬೇಕು, ಒಂದು ಕೈಯಿಂದ ಕಲ್ಲನ್ನು ಹಿಡಿದು ಇನ್ನೊಂದರಿಂದ ಸ್ಪ್ಯಾನರ್ ತಳ್ಳಿದರೆ ಸಾಕು. ಕಲ್ಲಿಗೆ ಮರದ ತುಂಡು ಸಿಕ್ಕಿಸಿ ಪೈಪ್ ಹಾಕಿ ಬಿಗಿಯುವುದು ಹೊಸ ಕಲ್ಲಿಗೆ ನಾವು ಕೊಡುವ ಮೊದಲ ಪೆಟ್ಟು.

ಆಮೇಲೆ ಮುಚ್ಚಳ ಮತ್ತೆ ಹಾಕಿ, ಟೂಲ್ ರೆಸ್ಟ್ ಅನ್ನು ಕಲ್ಲಿನಿಂದ 3 ಮಿಲಿಮೀಟರ್ ಒಳಗೆ, ಮೇಲಿನ ನಾಲಿಗೆಪಟ್ಟಿಯನ್ನು 6 ಮಿಲಿಮೀಟರ್ ಒಳಗೆ ತಂದು ನಿಲ್ಲಿಸಬೇಕು. 'ಒಮ್ಮೆ ಓಡಿಸಿ ನೋಡಿ ಆಮೇಲೆ ಮುಚ್ಚಳ ಹಾಕೋಣ' ಎಂಬ ಮಾತು ಪ್ರತಿ ಶಾಪಿನಲ್ಲೂ ಕೇಳಿಬರುತ್ತದೆ. ಕಲ್ಲು ಒಡೆಯುವ ಸಂಭವ ಅತ್ಯಂತ ಹೆಚ್ಚಿರುವ ನಿಮಿಷಕ್ಕೇ ಗಾರ್ಡ್ ತೆಗೆದಿಡುವ ಮಾತು ಅದು. ಆದ್ದರಿಂದ ಬೀಗ ತೆಗೆಯುವ ಹಂತವನ್ನು ಮುಚ್ಚಳ ಹಾಕುವ ಹಂತದ ನಂತರ ಇಟ್ಟೆವು. ಹಂತಗಳ ಕ್ರಮವೂ ಒಂದು ನಿಯಂತ್ರಣವೇ.

ಕೊನೆಗೆ ಚಾಲೂ ಮಾಡುವುದು. ಒಂದು ನಿಮಿಷ ಪೂರ್ತಿ ಖಾಲಿ ಓಡಿಸಬೇಕು, ಕಲ್ಲು ತಿರುಗುವ ನೇರದಲ್ಲಿ ಯಾರೂ ಇರಬಾರದು. ಹಾಗೆ ಬರೆದು ನೋಡಿದರೆ ಹಸಿರು ಬಟನ್ ಇದ್ದದ್ದು ಪೆಡೆಸ್ಟಲ್‌ನ ಮುಂಭಾಗದಲ್ಲಿ, ಎರಡು ಕಲ್ಲುಗಳ ನಡುವೆ. ಒತ್ತುವವರು ಎದುರಿಗೇ ನಿಲ್ಲಬೇಕು. 'ಪಕ್ಕಕ್ಕೆ ನಿಂತು ಕೈಚಾಚಿ ಒತ್ತುವುದು' ಎಂದು ಮೊದಲು ಬರೆದೆವು. ಚಾಚಿದ ಕೈ ಕಲ್ಲಿನ ಮುಂದೆಯೇ ಹಾದುಹೋಗುತ್ತಿತ್ತು. ಎಲೆಕ್ಟ್ರಿಷಿಯನ್ ಅಲ್ಲೇ ಇದ್ದದ್ದು ಒಳ್ಳೆಯದಾಯಿತು. ಅವರು ಸ್ಟಾರ್ಟರ್ ಬಟನ್ ಅನ್ನು ಪಕ್ಕದ ಗೋಡೆಗೆ ವರ್ಗಾಯಿಸಿ, ಯಂತ್ರದ ಮೇಲೆ ನಿಲ್ಲಿಸುವ ಬಟನ್ ಒಂದನ್ನೇ ಉಳಿಸಿಕೊಟ್ಟರು. ಎರಡು ಮೀಟರ್ ವೈರಿನ ಕೆಲಸ. ಈಗ ಎದುರು ನಿಂತು ಚಾಲೂ ಮಾಡಬೇಕೆಂದರೂ ಆಗುವುದಿಲ್ಲ.

ಮಾತು ಮುಗಿದ ಮೇಲೆ ಸಭೆಯಲ್ಲಿದ್ದ ಸ್ಟೋರ್ ಕೀಪರ್ ಒಬ್ಬರು ಕೇಳಿದರು: "ತಟ್ಟಿದಾಗ ಠಣ್ ಅನ್ನದ ಕಲ್ಲನ್ನ ನಾವು ಮೂಲೆಯಲ್ಲಿ ಇಟ್ಟಿರ್ತೀವಿ ಸಾರ್, ಸಪ್ಲೈಯರ್‌ಗೆ ವಾಪಸ್ ಕೊಡೋಕೆ. ಅದು ತಿಂಗಳುಗಟ್ಟಲೆ ಹಾಗೇ ಇರುತ್ತೆ. ಅದಕ್ಕೇನು ಮಾಡ್ಬೇಕು?" ಈ ಪ್ರಶ್ನೆಗೆ ನನ್ನ ಹಾಳೆಯಲ್ಲಿ ಉತ್ತರವಿರಲಿಲ್ಲ. ಮೂಲೆಯಲ್ಲಿಟ್ಟ ಕಲ್ಲು ಒಂದು ದಿನ, ರಾತ್ರಿ ಪಾಳಿಯಲ್ಲಿ, ಹೊಸ ಕಲ್ಲು ಸಿಗದಾಗ ಯಂತ್ರಕ್ಕೆ ಏರುತ್ತದೆ. ವಾಪಸ್ ಕೊಡುವಂಥದ್ದಾದರೆ ಎರಡು ಬದಿಗೂ ಕೆಂಪು ಬಣ್ಣದಲ್ಲಿ ಅಡ್ಡಗೆರೆ ಎಳೆದು, ಬೀಗವಿರುವ ಕಪಾಟಿನಲ್ಲಿಡಬೇಕು. ಇಲ್ಲವಾದರೆ ಅದೇ ದಿನ ಗೋಣಿಚೀಲದಲ್ಲಿ ಸುತ್ತಿ, ಕನ್ನಡಕ ಹಾಕಿಕೊಂಡು, ಸುತ್ತಿಗೆಯಿಂದ ಒಡೆದು ಹಾಕಬೇಕು ಎಂದು ಅವರೂ ನಾನೂ ಅಲ್ಲೇ ಒಪ್ಪಿಕೊಂಡೆವು. ಎರಡನೆಯ ಹಂತದ ಕೆಳಗೆ ಉಳಿದಿದ್ದ ಖಾಲಿ ಜಾಗದಲ್ಲಿ ಆ ಸಾಲನ್ನು ಪೆನ್ಸಿಲಿನಲ್ಲಿ ಬರೆದುಕೊಂಡೆ.